ಒಂದು ವರ್ಷ ರಜೆ, ಒಬ್ಬ ಧಣಿಯ ಬಳಿ ಆರೇ ತಿಂಗಳು

ಆಸ್ಟ್ರೇಲಿಯಾ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಭಾರತದ ಯುವಜನರಿಗೆಂದು ಮೊದಲ ಬಾರಿಗೆ ಒಂದು ಚೀಟಿ ಎತ್ತುವ ಪ್ರಕ್ರಿಯೆ ಆರಂಭಿಸಿತು. ವರ್ಷಕ್ಕೆ 1,000 ವೀಸಾ. ಹೆಸರು ನೋಂದಾಯಿಸಲು ತಿಂಗಳ ಗಡುವು ಇತ್ತು. ಎರಡೇ ವಾರದಲ್ಲಿ ಸುಮಾರು 40,000 ಮಂದಿ ಮುಗಿಬಿದ್ದರು. ಆ ನೂಕುನುಗ್ಗಲಿನ ಜೊತೆಗೇ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ತರಹೇವಾರಿ ಮಾತುಗಳೂ ಹರಿದಾಡಿದವು. 'ಕೆಲಸ ಗ್ಯಾರಂಟಿ', 'ಆಮೇಲೆ ಪಿಆರ್ ಸುಲಭ', 'ಹಣ ತೋರಿಸಿದರೆ ಸಾಕು' ಎಂಬಂಥವು. ಇವುಗಳಲ್ಲಿ ಒಂದೂ ನಿಜವಲ್ಲ.

ವರ್ಕಿಂಗ್ ಹಾಲಿಡೇ ಎಂಬ ಏರ್ಪಾಡು ಹೊಸದೇನಲ್ಲ. ಆಸ್ಟ್ರೇಲಿಯಾ ಇದನ್ನು ಶುರುಮಾಡಿದ್ದು 1975ರಲ್ಲಿ, ಆಗ ಅದು ಬ್ರಿಟನ್, ಐರ್ಲೆಂಡ್ ಮತ್ತು ಕೆನಡಾದ ಯುವಕರಿಗಷ್ಟೇ ಸೀಮಿತ. ಹುಡುಗರು ಬಂದು ದೇಶ ಸುತ್ತಲಿ, ಕೈಖರ್ಚಿಗೆ ಅಲ್ಲಲ್ಲಿ ದುಡಿಯಲಿ, ವರ್ಷ ಮುಗಿದಾಗ ಊರಿಗೆ ಹೊರಡಲಿ ಎಂಬುದು ಅದರ ಹಿಂದಿನ ಎಣಿಕೆ. ಭಾರತೀಯರಿಗೆ ಬಾಗಿಲು ತೆರೆದದ್ದು ಎರಡೂ ದೇಶಗಳು 2022ರ ಏಪ್ರಿಲ್‌ನಲ್ಲಿ ಸಹಿ ಹಾಕಿದ ವ್ಯಾಪಾರ ಒಪ್ಪಂದದ ಫಲವಾಗಿ. ನಮಗೆ ಸಿಗುವುದರ ಹೆಸರು 'ವರ್ಕ್ ಅಂಡ್ ಹಾಲಿಡೇ' ವೀಸಾ, ಅದರ ಸಂಖ್ಯೆ 462. ಇದೇ ಬಗೆಯ 417 ಎಂಬ ಇನ್ನೊಂದು ವೀಸಾ ಬ್ರಿಟನ್, ಫ್ರಾನ್ಸ್, ಕೆನಡಾ ಮುಂತಾದ ದೇಶದವರಿಗೆ. ಅಂತರ್ಜಾಲದಲ್ಲಿ ಸಿಗುವ ಸಲಹೆಗಳಲ್ಲಿ ಬಹುಪಾಲು ಈ 417ರವರು ಬರೆದದ್ದು. ಅವರಿಗೆ ಸಲ್ಲುವ ಎಷ್ಟೋ ನಿಯಮ ನಮಗೆ ಸಲ್ಲುವುದಿಲ್ಲ. ಓದುವಾಗ ಸಂಖ್ಯೆ ಯಾವುದು ಎಂದು ಮೊದಲು ನೋಡಿಕೊಳ್ಳಬೇಕು.

ವಯಸ್ಸಿನ ಲೆಕ್ಕ

ಭಾರತೀಯರಿಗೆ ವಯೋಮಿತಿ 18ರಿಂದ 30. ಇಲ್ಲಿ 30 ಎಂದರೆ 30 ತುಂಬಿದವರೂ ಸೇರಿದ್ದಾರೆ. 31ನೆಯ ಹುಟ್ಟುಹಬ್ಬದ ಹಿಂದಿನ ದಿನದವರೆಗೆ ಬಾಗಿಲು ತೆರೆದಿರುತ್ತದೆ. ನಮ್ಮ ಮನೆಗಳಲ್ಲಿ 'ಅವಳಿಗೀಗ ಮೂವತ್ತೊಂದು ನಡೆಯುತ್ತಿದೆ' ಎಂದು ಹೇಳುವ ಹುಡುಗಿಗೆ ಕಾನೂನಿನ ಪ್ರಕಾರ ಇನ್ನೂ 30. ಅವಳು ಧಾರಾಳವಾಗಿ ಹೆಸರು ಕೊಡಬಹುದು. 35ರವರೆಗೆ ಅವಕಾಶವಿದೆ ಎಂದು ಯಾರಾದರೂ ಹೇಳಿದರೆ ಅದು ಕೆಲವು ದೇಶದವರಿಗೆ ಸಿಗುವ 417 ವೀಸಾದ ಮಾತು.

ಪಾಸ್‌ಪೋರ್ಟ್‌ನಲ್ಲಿರುವ ಹುಟ್ಟಿದ ದಿನಾಂಕವೇ ಇಲ್ಲಿ ಅಂತಿಮ. ನಮ್ಮ ಹಳ್ಳಿಗಳ ಕಡೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ದಿನಾಂಕವೇ ಎಲ್ಲ ದಾಖಲೆಗಳಿಗೂ ಹೋಗಿರುತ್ತದೆ. ಹುಟ್ಟಿದ ದಿನ ಯಾವುದೇ ಇರಲಿ, ಅಧಿಕಾರಿ ನೋಡುವುದು ದಾಖಲೆಯನ್ನೇ. ಪಾಸ್‌ಪೋರ್ಟ್ ಮತ್ತು ಪಾನ್ ಕಾರ್ಡಿನಲ್ಲಿ ಹೆಸರು, ದಿನಾಂಕ ಬೇರೆಬೇರೆ ಇದ್ದರೆ ಅದನ್ನು ನೋಂದಣಿಗೆ ಮುಂಚೆಯೇ ಸರಿಪಡಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಭಾರತೀಯರ ನೋಂದಣಿಗೆ ಎರಡನ್ನೂ ಕೇಳುತ್ತಾರೆ.

ವಯಸ್ಸಿನ ವಿಷಯದಲ್ಲಿ ಹೆಚ್ಚಿನವರು ಗಮನಿಸದ ಒಂದು ಸಂಗತಿ ಇದೆ. ವೀಸಾ ಮಂಜೂರಾದ ಮೇಲೆ ಆಸ್ಟ್ರೇಲಿಯಾಕ್ಕೆ ಕಾಲಿಡಲು 12 ತಿಂಗಳ ಅವಕಾಶ ಕೊಡುತ್ತಾರೆ. ಆ ನಡುವೆ 31 ತುಂಬಿದರೆ ತೊಂದರೆಯಿಲ್ಲ. ಕಾಲಿಟ್ಟ ದಿನದಿಂದ ಮತ್ತೆ 12 ತಿಂಗಳು ಅಲ್ಲಿರಬಹುದು. ಆದರೆ ಎರಡನೆಯ ವರ್ಷದ ವೀಸಾ ಬೇಕಿದ್ದರೆ ಅದೊಂದು ಹೊಸ ಅರ್ಜಿ, ಅದನ್ನು ಹಾಕುವ ದಿನವೂ ವಯಸ್ಸು 30 ದಾಟಿರಬಾರದು. ಮೂರನೆಯದಕ್ಕೂ ಅಷ್ಟೇ. ಜೀವಮಾನದಲ್ಲಿ ಒಟ್ಟು ಮೂರು ಬಾರಿ ಈ ವೀಸಾ ಪಡೆಯಬಹುದಾದರೂ, 24ರಲ್ಲಿ ಹೊರಟವನಿಗೆ ಮೂರೂ ಸಿಗಬಹುದು, 30ರಲ್ಲಿ ಹೊರಟವನಿಗೆ ಒಂದೇ ಗತಿ.

ವಯಸ್ಸಿನ ಜೊತೆಗೆ ಓದಿನ ಷರತ್ತೂ ಇದೆ. ಪಿಯುಸಿ ಮುಗಿಸಿದ ಮೇಲೆ ಕನಿಷ್ಠ ಎರಡು ವರ್ಷ ಓದಿರಬೇಕು. ಇಂಗ್ಲಿಷ್ ಕೆಲಸಕ್ಕೆ ಸಾಲುವಷ್ಟು ಬರಬೇಕು. ಐಇಎಲ್‌ಟಿಎಸ್ ಪರೀಕ್ಷೆಯಲ್ಲಾದರೆ ಸರಾಸರಿ 4.5 ಅಂಕ ಸಾಕು, ಇದು ಕಠಿಣವಲ್ಲ. ಪದವಿಯನ್ನು ಪೂರ್ತಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು ಪರೀಕ್ಷೆ ಬರೆಯದೆ, ಕಾಲೇಜಿನಿಂದ ಆ ಬಗ್ಗೆ ಪತ್ರ ತಂದು ತೋರಿಸಬಹುದು. ಮಕ್ಕಳನ್ನು ಕರೆದೊಯ್ಯುವಂತಿಲ್ಲ. ಗಂಡ ಹೆಂಡತಿ ಇಬ್ಬರೂ ಹೋಗಬೇಕೆಂದರೆ ಇಬ್ಬರೂ ಬೇರೆಬೇರೆಯಾಗಿ ಹೆಸರು ಕೊಡಬೇಕು, ಇಬ್ಬರ ಅದೃಷ್ಟವೂ ಒಟ್ಟಿಗೆ ಖುಲಾಯಿಸಬೇಕು.

ಚೀಟಿ ಎತ್ತುವುದು ಹೇಗೆ

ನೋಂದಣಿಗೆ ತಗಲುವುದು 25 ಆಸ್ಟ್ರೇಲಿಯನ್ ಡಾಲರ್. ಡಾಲರ್‌ಗೆ 56 ರೂಪಾಯಿಯಂತೆ ಹಿಡಿದರೆ 1,400 ರೂ. ಇದು ವಾಪಸ್ ಬರುವುದಿಲ್ಲ. ಆಸ್ಟ್ರೇಲಿಯಾ ಗೃಹ ಇಲಾಖೆಯ immi.homeaffairs.gov.au ತಾಣದಲ್ಲಿ ಖಾತೆ ತೆರೆದು ಹೆಸರು, ಪಾಸ್‌ಪೋರ್ಟ್, ಪಾನ್ ವಿವರ ತುಂಬಿ ಹಣ ಕಟ್ಟಿದರೆ ಮುಗಿಯಿತು. ಈ ಹಂತದಲ್ಲಿ ಅಂಕಪಟ್ಟಿ, ಬ್ಯಾಂಕ್ ದಾಖಲೆ ಯಾವುದನ್ನೂ ಕೇಳುವುದಿಲ್ಲ.

ಆಯ್ಕೆ ಕಂಪ್ಯೂಟರ್ ಮೂಲಕ, ಪೂರ್ತಿ ಅದೃಷ್ಟದ ಮೇಲೆ. ಸಿಇಟಿಯಂತೆ ರ‍್ಯಾಂಕ್ ಇಲ್ಲ, ಕೋಟಾ ಇಲ್ಲ, ಮ್ಯಾನೇಜ್‌ಮೆಂಟ್ ಸೀಟೂ ಇಲ್ಲ. ಮೊದಲ ದಿನ ಹೆಸರು ಕೊಟ್ಟವನಿಗೂ ಕೊನೆಯ ದಿನ ಕೊಟ್ಟವನಿಗೂ ಒಂದೇ ಅವಕಾಶ. ಒಬ್ಬರು ಒಂದು ಸುತ್ತಿನಲ್ಲಿ ಒಂದೇ ಬಾರಿ ಹೆಸರು ಕೊಡಬಹುದು. ಹಾಗಾಗಿ 'ನಮ್ಮ ಏಜೆನ್ಸಿಯಿಂದ ಹಾಕಿದರೆ ಆಯ್ಕೆ ಖಚಿತ' ಎನ್ನುವವರು ಮಾರುತ್ತಿರುವುದು ಗಾಳಿಯನ್ನು. ಅರ್ಧ ಗಂಟೆಯಲ್ಲಿ ತಾವೇ ಮಾಡಬಹುದಾದ ನೋಂದಣಿಗೆ ಹತ್ತಾರು ಸಾವಿರ ಕೇಳುವವರಿದ್ದಾರೆ. ಕೆನಡಾದ್ದೂ ಇಂಥದ್ದೇ ವೀಸಾ ಕೊಡಿಸುತ್ತೇವೆ ಎಂದು ಸೇರಿಸಿ ಹೇಳುವವರೂ ಇದ್ದಾರೆ. ಕೆನಡಾ ಈ ಬಗೆಯ ಒಪ್ಪಂದ ಮಾಡಿಕೊಂಡ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲವೆಂಬುದನ್ನು ನೆನಪಿಡಬೇಕು.

ಹೆಸರು ಬಂದರೆ ಇ-ಮೇಲ್ ಬರುತ್ತದೆ. ಅಲ್ಲಿಂದ 28 ದಿನಗಳೊಳಗೆ ಪೂರ್ತಿ ಅರ್ಜಿ ಹಾಕಬೇಕು. ಈ 28 ದಿನ ಕೇಳಲು ಹೆಚ್ಚೆನಿಸಿದರೂ, ಆಗ ಪರೀಕ್ಷೆಗೆ ಓಡುವವರಿಗೆ, ವಿಶ್ವವಿದ್ಯಾಲಯದಲ್ಲಿ ಘಟಿಕೋತ್ಸವದ ಪ್ರಮಾಣಪತ್ರಕ್ಕೆ ಅಲೆಯುವವರಿಗೆ ಸಾಲುವುದಿಲ್ಲ. ಅಂಕಪಟ್ಟಿ, ಇಂಗ್ಲಿಷ್ ಪುರಾವೆ, ಬ್ಯಾಂಕ್ ದಾಖಲೆಗಳನ್ನು ಹೆಸರು ಕೊಡುವ ದಿನವೇ ಒಂದು ಫೋಲ್ಡರಿನಲ್ಲಿ ಹಾಕಿಟ್ಟಿರಬೇಕು. ಅರ್ಜಿಯ ಶುಲ್ಕ 2025ರ ಜುಲೈನಿಂದ 670 ಡಾಲರ್, ಅಂದರೆ 37,500 ರೂಪಾಯಿಯ ಆಸುಪಾಸು. ಶುಲ್ಕ ಸಾಮಾನ್ಯವಾಗಿ ಪ್ರತಿ ಜುಲೈನಲ್ಲಿ ಏರುತ್ತದೆ. ಮೊದಲ ವೀಸಾಕ್ಕೆ ಅರ್ಜಿ ಹಾಕುವಾಗ ಆಸ್ಟ್ರೇಲಿಯಾದ ಹೊರಗಿರಬೇಕು. ಆರೋಗ್ಯ ತಪಾಸಣೆ, ಪೊಲೀಸ್ ಪ್ರಮಾಣಪತ್ರ ಕೇಳಿದರೆ ಕೊಡಬೇಕು.

5,000 ಡಾಲರ್ ಯಾತಕ್ಕೆ

ಅಲ್ಲಿ ಇಳಿದ ಮೊದಲ ದಿನಗಳಿಗೆ ಸುಮಾರು 5,000 ಡಾಲರ್, ಅಂದರೆ 2.8 ಲಕ್ಷ ರೂಪಾಯಿ ತಮ್ಮ ಬಳಿ ಇದೆ ಎಂದು ತೋರಿಸಬೇಕು. ಅದರ ಮೇಲೆ ವಾಪಸ್ ಬರುವ ವಿಮಾನದ ಟಿಕೆಟ್, ಇಲ್ಲವೇ ಅದನ್ನು ಕೊಳ್ಳುವಷ್ಟು ಹಣ ಇರಬೇಕು. ಇದಕ್ಕೆ ಪುರಾವೆ ಬ್ಯಾಂಕ್ ಸ್ಟೇಟ್‌ಮೆಂಟ್.

ಇಲ್ಲಿ ಕೆಲವರು ಮಾಡುವ ಉಪಾಯ ಗೊತ್ತಿರುವಂಥದ್ದೇ. ಸಂಬಂಧಿಕರಿಂದ ಮೂರು ಲಕ್ಷ ಖಾತೆಗೆ ಹಾಕಿಸಿಕೊಳ್ಳುವುದು, ಸ್ಟೇಟ್‌ಮೆಂಟ್ ತೆಗೆಯುವುದು, ಮಾರನೆಯ ದಿನ ಹಿಂತಿರುಗಿಸುವುದು. ಹಿಂದಿನ ತಿಂಗಳುಗಳಲ್ಲಿ ಹತ್ತು ಹದಿನೈದು ಸಾವಿರ ಮೀರದ ಖಾತೆಗೆ ಒಮ್ಮೆಗೇ ಮೂರು ಲಕ್ಷ ಬಂದರೆ ಅದು ಎಲ್ಲಿಯದು ಎಂಬ ಪ್ರಶ್ನೆ ಏಳುವುದು ಸಹಜ. ಆ ತೊಡಕಿಗಿಂತ ದೊಡ್ಡದು ಮುಂದಿದೆ. ಅಧಿಕಾರಿಯನ್ನು ಹೇಗೋ ದಾಟಬಹುದು, ಆದರೆ ಮನೆ ಮಾಲೀಕನನ್ನು ದಾಟುವುದು ಹೇಗೆ?

ಆಸ್ಟ್ರೇಲಿಯಾದಲ್ಲಿ ಬಾಡಿಗೆಯನ್ನು ತಿಂಗಳಿಗಲ್ಲ, ವಾರಕ್ಕೆ ಎಣಿಸುತ್ತಾರೆ. ಹಂಚಿಕೊಂಡ ಮನೆಯ ಒಂದು ಕೋಣೆಗೆ ವಾರಕ್ಕೆ 250 ಡಾಲರ್ ಎಂದುಕೊಳ್ಳೋಣ. ಒಳಗೆ ಹೋಗುವ ಮುನ್ನ ನಾಲ್ಕು ವಾರದ ಬಾಡಿಗೆ ಠೇವಣಿ, ಅದಕ್ಕೆ 'ಬಾಂಡ್' ಎನ್ನುತ್ತಾರೆ. ಜೊತೆಗೆ ಎರಡು ವಾರದ ಮುಂಗಡ. ಅಲ್ಲಿಗೆ 1,500 ಡಾಲರ್ ಕೈಬಿಟ್ಟಿತು. ಕೋಣೆ ಸಿಗುವವರೆಗೆ ಹಾಸ್ಟೆಲ್ ವಾಸ, ಊಟ, ಬಸ್ಸು, ಫೋನ್ ಸಿಮ್. ಅಲ್ಲಿನ ಸರ್ಕಾರಿ ಆರೋಗ್ಯ ವ್ಯವಸ್ಥೆ ನಮಗೆ ಲಭ್ಯವಿಲ್ಲ, ಹಾಗಾಗಿ ವರ್ಷದ ವಿಮೆಯನ್ನು ಇಲ್ಲಿಂದಲೇ ಮಾಡಿಸಿಕೊಂಡು ಹೋಗುವುದು ಕ್ಷೇಮ. ಕೆಲಸ ಮೊದಲ ವಾರವೇ ಸಿಕ್ಕರೂ ಮೊದಲ ಸಂಬಳ ಕೈಸೇರಲು ಇನ್ನೂ ಒಂದೆರಡು ವಾರ. ಕೆಲಸ ಸಿಗದೆ ಆರು ವಾರ ಕಳೆದರೆ ಆ 5,000 ಹೆಚ್ಚುಕಡಿಮೆ ಮುಗಿದಿರುತ್ತದೆ. ತೋರಿಸಲು ಹಾಕಿಸಿಕೊಂಡ ಹಣ ಊರಲ್ಲೇ ಉಳಿದಿದ್ದರೆ, ಇಳಿದ ಎರಡನೆಯ ವಾರಕ್ಕೇ ಯಾವ ಕೆಲಸ ಸಿಕ್ಕರೆ ಅದು, ಎಷ್ಟು ಕೊಟ್ಟರೆ ಅಷ್ಟು ಎಂಬ ಸ್ಥಿತಿ ಬರುತ್ತದೆ. ಕಡಿಮೆ ಕೂಲಿಗೆ ದುಡಿಸಿಕೊಳ್ಳುವವರು ಹುಡುಕುವುದು ಇಂಥವರನ್ನೇ.

ಯಾವ ಕೆಲಸ, ಎಷ್ಟು ದಿನ

ಈ ವೀಸಾದಲ್ಲಿ ಮಾಡಬಾರದ ಕೆಲಸಗಳ ಪಟ್ಟಿ ಎಂಬುದಿಲ್ಲ. ಕೆಫೆಯಲ್ಲಿ ಕಾಫಿ ಮಾಡಬಹುದು, ಹೋಟೆಲಿನಲ್ಲಿ ಹಾಸಿಗೆ ಹಾಸಬಹುದು, ತೋಟದಲ್ಲಿ ಹಣ್ಣು ಕೀಳಬಹುದು, ಕಚೇರಿಯಲ್ಲಿ ಲೆಕ್ಕ ಬರೆಯಬಹುದು, ಸಾಫ್ಟ್‌ವೇರ್ ಕಂಪನಿಯಲ್ಲೂ ಕೂರಬಹುದು. ವಾರಕ್ಕೆ ಇಷ್ಟೇ ಗಂಟೆ ಎಂಬ ಮಿತಿ ವಿದ್ಯಾರ್ಥಿ ವೀಸಾದವರಿಗೆ ಇದೆ, ಇವರಿಗಿಲ್ಲ. ಹನ್ನೆರಡು ತಿಂಗಳೂ ದುಡಿಯಬಹುದು.

ಕಟ್ಟುಪಾಡು ಇರುವುದು ಬೇರೆ ಕಡೆ. ಒಬ್ಬ ಧಣಿಯ ಬಳಿ ಆರು ತಿಂಗಳಿಗಿಂತ ಹೆಚ್ಚು ದುಡಿಯುವಂತಿಲ್ಲ. ವೀಸಾದ ಮೇಲಿನ ಷರತ್ತುಗಳಲ್ಲಿ ಇದರ ಸಂಖ್ಯೆ 8547. ಕೆಲಸ ಅರೆಕಾಲಿಕವಾದರೂ ಲೆಕ್ಕ ಅದೇ: ವಾರಕ್ಕೆ ಒಂದೇ ದಿನ ಹೋದರೂ ಆರು ತಿಂಗಳು ಕಳೆದ ಮೇಲೆ ಅಲ್ಲಿ ನಿಲ್ಲಿಸಬೇಕು. ನಡುವೆ ಗುತ್ತಿಗೆದಾರನನ್ನು ತೂರಿಸಿ ಇದನ್ನು ತಪ್ಪಿಸಲಾಗದು, ಏಕೆಂದರೆ ಸಂಬಳದ ಚೀಟಿಯಲ್ಲಿ ಯಾರ ಹೆಸರಿದೆ ಎನ್ನುವುದಕ್ಕಿಂತ ಕೆಲಸ ನಿಜವಾಗಿ ಯಾರಿಗಾಗಿ ನಡೆಯುತ್ತಿದೆ ಎಂಬುದನ್ನು ನೋಡುತ್ತಾರೆ. ಒಂದೇ ಸಂಸ್ಥೆಯ ಬೇರೆಬೇರೆ ಊರಿನ ಶಾಖೆಗಳಲ್ಲಿ, ಒಂದೊಂದರಲ್ಲೂ ಆರು ತಿಂಗಳು ಮೀರದಂತೆ ದುಡಿಯಲು ಅಡ್ಡಿಯಿಲ್ಲ. ತೋಟಗಾರಿಕೆ, ಪಶುಪಾಲನೆಯಂಥ ಕೃಷಿ ಕೆಲಸಕ್ಕೆ ದೇಶದ ಯಾವ ಭಾಗದಲ್ಲಾದರೂ ಈ ಮಿತಿಯಿಂದ ವಿನಾಯಿತಿ ಇದೆ. ಉತ್ತರ ಆಸ್ಟ್ರೇಲಿಯಾದಲ್ಲಿ ಪ್ರವಾಸೋದ್ಯಮ, ವೃದ್ಧರ ಆರೈಕೆ, ಕಟ್ಟಡ ನಿರ್ಮಾಣದಂಥ ಕೆಲವು ಕ್ಷೇತ್ರಗಳಿಗೂ ವಿನಾಯಿತಿ ಉಂಟು.

ಈ ಒಂದು ಷರತ್ತು ಬೆಂಗಳೂರಿನ ಎಂಜಿನಿಯರುಗಳ ಕನಸನ್ನು ಸದ್ದಿಲ್ಲದೆ ಮೊಟಕುಗೊಳಿಸುತ್ತದೆ. ಕಾನೂನು ಅವರನ್ನು ತಡೆಯುವುದಿಲ್ಲ. ಆದರೆ ಹೊಸಬನಿಗೆ ಕೆಲಸ ಕಲಿಸಲು ಮೂರು ತಿಂಗಳು ವ್ಯಯಿಸುವ ಕಂಪನಿ, ಆರನೆಯ ತಿಂಗಳಿಗೆ ಎದ್ದು ಹೋಗುವವನನ್ನು ಏಕೆ ತೆಗೆದುಕೊಳ್ಳುತ್ತದೆ? ಅಲ್ಪಾವಧಿಯ ಗುತ್ತಿಗೆ ಕೆಲಸ ಸಿಕ್ಕವರ ಅದೃಷ್ಟ ಬೇರೆ. ಉಳಿದವರಿಗೆ ಈ ವೀಸಾದಲ್ಲಿ ಸುಲಭವಾಗಿ ಒದಗುವುದು ಕೈಕೆಲಸ, ಋತುವಿನ ಕೆಲಸ: ಅಡುಗೆಮನೆ, ಗೋದಾಮು, ತೋಟ, ಹೋಟೆಲು. ಬಿ.ಇ. ಓದಿದವನು ಪಾತ್ರೆ ತೊಳೆಯುವುದಕ್ಕೆ ಸಿದ್ಧನಿದ್ದಾನೆಯೇ ಎಂಬುದನ್ನು ಟಿಕೆಟ್ ಕೊಳ್ಳುವ ಮುಂಚೆಯೇ ತನ್ನನ್ನು ತಾನು ಕೇಳಿಕೊಳ್ಳುವುದು ಒಳ್ಳೆಯದು.

ವೀಸಾ ಬಿಡುವ ಕಡೆ ವೃತ್ತಿಯ ಕಾನೂನು ತಡೆಯಬಹುದು. ನರ್ಸಿಂಗ್ ಓದಿದವರು ಅಲ್ಲಿನ ಮಂಡಳಿಯಲ್ಲಿ ನೋಂದಣಿಯಾಗದೆ ನರ್ಸ್ ಆಗುವಂತಿಲ್ಲ. ಮದ್ಯ ಬಡಿಸುವ ಕಡೆ ಕೆಲಸ ಮಾಡಲು ಆರ್‌ಎಸ್‌ಎ ಎಂಬ ಪ್ರಮಾಣಪತ್ರ ಬೇಕು, ಕಟ್ಟಡದ ಕೆಲಸಕ್ಕೆ ವೈಟ್ ಕಾರ್ಡ್ ಬೇಕು. ಇವೆರಡೂ ಸಣ್ಣ ತರಬೇತಿಯಿಂದ ಸಿಗುವಂಥವು. ಇನ್ನು ಓದಿನ ವಿಷಯ. ಒಟ್ಟು ನಾಲ್ಕು ತಿಂಗಳಿಗಿಂತ ಹೆಚ್ಚು ಕಾಲ ಓದುವುದು ಅಥವಾ ತರಬೇತಿ ಪಡೆಯುವುದು ಈ ವೀಸಾದಲ್ಲಿ ಆಗದು.

ಕೂಲಿಯ ಲೆಕ್ಕ

ಆಸ್ಟ್ರೇಲಿಯಾದ ರಾಷ್ಟ್ರೀಯ ಕನಿಷ್ಠ ವೇತನ 2025ರ ಜುಲೈನಿಂದ ಗಂಟೆಗೆ 24.95 ಡಾಲರ್. ಕಾಯಂ ಅಲ್ಲದೆ, ಕರೆದಾಗ ಬರುವ 'ಕ್ಯಾಷುಯಲ್' ಕೆಲಸಗಾರರಿಗೆ ರಜೆ, ಅನಾರೋಗ್ಯದ ರಜೆ ಇರುವುದಿಲ್ಲ, ಅದಕ್ಕೆ ಬದಲಾಗಿ ಶೇ 25ರಷ್ಟು ಹೆಚ್ಚು ಕೊಡಬೇಕು. ಆಗ ಗಂಟೆಗೆ ಸುಮಾರು 31 ಡಾಲರ್ ಆಗುತ್ತದೆ. ಈ ವೀಸಾದವರಲ್ಲಿ ಹೆಚ್ಚಿನವರು ಕ್ಯಾಷುಯಲ್‌ಗಳೇ. ವಾರಕ್ಕೆ 20 ಗಂಟೆ ಸಿಕ್ಕಿದರೆ 620 ಡಾಲರ್. ವರ್ಕಿಂಗ್ ಹಾಲಿಡೇಯವರಿಗೆ ಮೊದಲ 45,000 ಡಾಲರ್ ಗಳಿಕೆಯ ಮೇಲೆ ತೆರಿಗೆ ಮೊದಲ ಡಾಲರ್‌ನಿಂದಲೇ ಶೇ 15. ಅಂದರೆ 93 ಡಾಲರ್ ಮುರಿದು 527 ಕೈಗೆ ಬರುತ್ತದೆ. ಅದರಲ್ಲಿ ಕೋಣೆಗೆ 250 ಹೋದರೆ ಉಳಿದ 277ರಲ್ಲಿ ಊಟ, ಓಡಾಟ, ಸುತ್ತಾಟ. ಬದುಕಬಹುದು, ಆದರೆ ಊರಿಗೆ ಹಣ ಕಳಿಸಿ ಸಾಲ ತೀರಿಸುವ ಲೆಕ್ಕ ಇದಲ್ಲ. ಸಾಲ ಮಾಡಿ ಈ ವೀಸಾದಲ್ಲಿ ಹೋಗಬಾರದು ಎನ್ನುವುದು ಇದೇ ಕಾರಣಕ್ಕೆ.

ಇಳಿದ ಕೂಡಲೇ ಮಾಡಬೇಕಾದ ಕೆಲಸ ತೆರಿಗೆ ಸಂಖ್ಯೆ ಪಡೆಯುವುದು. ಅಲ್ಲಿ ಅದನ್ನು ಟಿಎಫ್‌ಎನ್ ಎನ್ನುತ್ತಾರೆ. ತೆರಿಗೆ ಕಚೇರಿಯ ತಾಣದಲ್ಲಿ ಅದು ಉಚಿತ. ಬರಲು 28 ದಿನಗಳವರೆಗೆ ಹಿಡಿಯಬಹುದು. ಸಂಖ್ಯೆ ಕೊಡದೇ ಹೋದರೆ ಧಣಿ ಅತಿ ಹೆಚ್ಚಿನ ದರದಲ್ಲಿ ತೆರಿಗೆ ಮುರಿಯುತ್ತಾನೆ. ಸಂಬಳ ಕೊಟ್ಟ ಮಾರನೆಯ ಕೆಲಸದ ದಿನದೊಳಗೆ ಪೇ ಸ್ಲಿಪ್ ಕೊಡಬೇಕು ಎಂಬುದು ಅಲ್ಲಿನ ಕಾನೂನು. 'ತೆರಿಗೆ ಬೇಡ, ಕೈಗೇ ನಗದು ಕೊಡುತ್ತೇನೆ, ಗಂಟೆಗೆ 15' ಎನ್ನುವವರು ನಮ್ಮ ಭಾಷೆ ಮಾತನಾಡುವವರೇ ಆಗಿರಬಹುದು. ಕೂಲಿ ಅರ್ಧ ಹೋದದ್ದಲ್ಲದೆ, ದುಡಿದದ್ದಕ್ಕೆ ದಾಖಲೆಯೂ ಇರುವುದಿಲ್ಲ. ಕೆಲಸ ಕೊಡಲು ಹಣ ಕೇಳುವುದು, ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು, ಕೂಲಿಯಲ್ಲಿ ಕೇಳದೇ ವಸತಿ ಖರ್ಚು ಮುರಿಯುವುದು ಎಲ್ಲವೂ ಅಪಾಯದ ಗುರುತುಗಳು. ಕೂಲಿಯ ತಕರಾರನ್ನು ಫೇರ್ ವರ್ಕ್ ಓಂಬುಡ್ಸ್‌ಮನ್ ಎಂಬ ಸರ್ಕಾರಿ ಕಚೇರಿ ಕೇಳುತ್ತದೆ. ವೀಸಾದಲ್ಲಿ ಬಂದವರಿಗೂ ಅಲ್ಲಿನ ಕಾನೂನು ಅಷ್ಟೇ ಸಲ್ಲುತ್ತದೆ.

ಎರಡನೆಯ ವರ್ಷಕ್ಕೆ 88 ದಿನ

ಎರಡನೆಯ ವೀಸಾ ಬೇಕಿದ್ದರೆ ಮೊದಲ ವರ್ಷದಲ್ಲಿ ಮೂರು ತಿಂಗಳು 'ನಿಗದಿತ ಕೆಲಸ' ಮಾಡಿರಬೇಕು. ಮೂರು ತಿಂಗಳೆಂದರೆ ಕನಿಷ್ಠ 88 ದಿನ. ಮೂರನೆಯದಕ್ಕೆ ಎರಡನೆಯ ವರ್ಷದಲ್ಲಿ ಆರು ತಿಂಗಳು ದುಡಿದಿರಬೇಕು. ಕೆಲಸವೂ ಪಟ್ಟಿಯಲ್ಲಿರಬೇಕು, ಜಾಗವೂ ಪಟ್ಟಿಯಲ್ಲಿರಬೇಕು. 462ರವರಿಗೆ ಉತ್ತರ ಆಸ್ಟ್ರೇಲಿಯಾದ ಹೋಟೆಲು, ಕೆಫೆ, ಪ್ರವಾಸದ ಕೆಲಸ ಸಲ್ಲುತ್ತದೆ. ಉತ್ತರದಲ್ಲೂ ಇತರ ಗುರುತಿಸಿದ ಗ್ರಾಮಾಂತರ ಪ್ರದೇಶಗಳಲ್ಲೂ ಕೃಷಿ ಕೆಲಸ ಸಲ್ಲುತ್ತದೆ. ಸಿಡ್ನಿಯ ಕೆಫೆಯಲ್ಲಿ ವರ್ಷವಿಡೀ ದುಡಿದರೂ ಒಂದು ದಿನವೂ ಲೆಕ್ಕಕ್ಕೆ ಬರುವುದಿಲ್ಲ, ಅದೇ ಕೆಲಸ ಕೇರ್ನ್ಸ್ ಊರಿನಲ್ಲಿ ಮಾಡಿದರೆ ಬರುತ್ತದೆ. ಗಣಿ ಕೆಲಸ 417ರವರಿಗೆ ಲೆಕ್ಕಕ್ಕೆ ಸಿಗುತ್ತದೆ, ನಮಗೆ ಸಿಗುವುದಿಲ್ಲ. ಬೇರೆಯವರ ಸಲಹೆ ನಂಬಿ ಜನ ಮುಗ್ಗರಿಸುವುದು ಇಲ್ಲೇ.

ದಿನ ಎಣಿಸುವ ಕ್ರಮದಲ್ಲೂ ಸೂಕ್ಷ್ಮವಿದೆ. ಆ ಉದ್ಯೋಗದಲ್ಲಿ ರೂಢಿಯಲ್ಲಿರುವಷ್ಟು ಪೂರ್ಣಾವಧಿ, ವಾರಕ್ಕೆ ಐದು ದಿನದಂತೆ ಎಡೆಬಿಡದೆ ದುಡಿದವರಿಗೆ ಶನಿವಾರ, ಭಾನುವಾರವೂ ಎಣಿಕೆಗೆ ಸೇರಿ ವಾರಕ್ಕೆ ಏಳು ದಿನ ಆಗುತ್ತದೆ. ಅದಕ್ಕಿಂತ ಕಡಿಮೆ ದುಡಿದವರಿಗೆ ನಿಜವಾಗಿ ಹೋದ ದಿನಗಳಷ್ಟೇ. ಒಂದೇ ದಿನ ಹದಿನಾರು ಗಂಟೆ ದುಡಿದು ಎರಡು ದಿನ ಎನ್ನುವಂತಿಲ್ಲ. ಪುಕ್ಕಟೆ ದುಡಿದದ್ದು, ಊಟ ವಸತಿಗೆ ದುಡಿದದ್ದು ಲೆಕ್ಕವಿಲ್ಲ. ಕಾನೂನುಬದ್ಧ ಕೂಲಿ ಪಡೆದು, ಪೇ ಸ್ಲಿಪ್ ಮತ್ತು ಬ್ಯಾಂಕಿಗೆ ಹಣ ಬಂದ ದಾಖಲೆ ತೋರಿಸಬೇಕು.

ಉತ್ತರದಲ್ಲಿರುವ ಡಾರ್ವಿನ್, ಕ್ಯಾಥರೀನ್ ಸುತ್ತಿನ ಮಾವಿನ ತೋಟಗಳಿಗೆ ಈ ಹುಡುಗರು ಹೋಗುವುದು ಇದಕ್ಕೇ. ಅಲ್ಲಿ ಮಾವು ಕೊಯ್ಲು ನಮ್ಮ ಬೇಸಿಗೆಗಲ್ಲ, ಸೆಪ್ಟೆಂಬರ್‌ನಿಂದ ಡಿಸೆಂಬರ್‌ ನಡುವೆ, ಅವರ ಬಿಸಿಲು ಏರುವ ಕಾಲಕ್ಕೆ. ತೊಟ್ಟು ಮುರಿದಾಗ ಚಿಮ್ಮುವ ಸೊನೆ ಹಣ್ಣಿಗೆ ತಾಗಿದರೆ ಸಿಪ್ಪೆ ಕಪ್ಪಾಗುತ್ತದೆ, ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ. ಅದಕ್ಕೇ ನಿಧಾನವಾಗಿ ಉರುಳುವ ಕೊಯ್ಲು ಯಂತ್ರದ ಎರಡೂ ಬದಿ ಸಾಲಾಗಿ ನಡೆಯುವ ಕೆಲಸಗಾರರು ಹಣ್ಣನ್ನು ಸಾಬೂನು ದ್ರಾವಣ ಸುರಿಯುತ್ತಿರುವ ಹಾಸಿನ ಮೇಲೆ ಹಾಕುತ್ತಾರೆ. ಮೈತುಂಬ ಬಟ್ಟೆ, ಕೈಗವಸು ಕಡ್ಡಾಯ, ಮೇಲೆ ಸುಡು ಬಿಸಿಲು. ಕೋಲಾರ, ಶ್ರೀನಿವಾಸಪುರದ ತೋಟದ ಮಕ್ಕಳಿಗೆ ಸೊನೆ ಹೊಸದಲ್ಲ, ಆದರೆ ಕೆಲವರ ಮೈಗೆ ಅದು ಒಗ್ಗುವುದೇ ಇಲ್ಲ, ಮೊದಲ ವಾರವೇ ಬಿಟ್ಟುಬಿಡುತ್ತಾರೆ. ಹಣ್ಣಿನ ತೋಟಗಳಲ್ಲಿ ಕೂಲಿಯನ್ನು ಡಬ್ಬಿಯ ಲೆಕ್ಕದಲ್ಲಿ ಕೊಡುವುದೂ ಇದೆ. 2022ರ ಏಪ್ರಿಲ್‌ನಿಂದ ಅಂಥವರಿಗೂ ಗಂಟೆಯ ಕನಿಷ್ಠ ಕೂಲಿಗಿಂತ ಕಡಿಮೆ ಕೊಡುವಂತಿಲ್ಲ ಎಂಬ ನಿಯಮ ಬಂದಿದೆ. ಹಾಗಾಗಿ ಡಬ್ಬಿಯ ಲೆಕ್ಕವಿದ್ದರೂ ಶುರು ಮಾಡಿದ ಮತ್ತು ಮುಗಿಸಿದ ಹೊತ್ತನ್ನು ಪ್ರತಿದಿನ ಬರೆದಿಟ್ಟುಕೊಳ್ಳಬೇಕು.

ಒಂದು ಲೆಕ್ಕ ಹಾಕಿ ನೋಡೋಣ

ದಾವಣಗೆರೆಯ ಒಬ್ಬ ಬಿ.ಕಾಂ. ಪದವೀಧರೆ ಎಂದುಕೊಳ್ಳೋಣ. ಹೆಸರು ನೋಂದಾಯಿಸಿದ ದಿನ ಅವಳಿಗೆ 29 ವರ್ಷ 4 ತಿಂಗಳು. ಮೂರು ತಿಂಗಳ ಮೇಲೆ ಆಯ್ಕೆಯ ಇ-ಮೇಲ್ ಬಂತು. 28 ದಿನದೊಳಗೆ ಅರ್ಜಿ ಹಾಕಿದಳು, ಒಂದು ತಿಂಗಳಲ್ಲಿ ವೀಸಾ ಬಂತು. ಆಗ 29 ವರ್ಷ 9 ತಿಂಗಳು. ಕೆಲಸ ಬಿಟ್ಟು, ತಂಗಿಯ ಮದುವೆ ಮುಗಿಸಿ ಹೊರಟು ಇಳಿದಾಗ 30 ವರ್ಷ 2 ತಿಂಗಳು. ವೀಸಾ ಮುಗಿಯುವುದು 31 ವರ್ಷ 2 ತಿಂಗಳಿಗೆ. ಒಂದೇ ವರ್ಷ ಸಾಕೆಂದರೆ ಯೋಚನೆಯಿಲ್ಲ.

ಎರಡನೆಯ ವರ್ಷವೂ ಬೇಕೆಂದರೆ, ಅರ್ಜಿ 31ನೆಯ ಹುಟ್ಟುಹಬ್ಬಕ್ಕೆ ಮುಂಚೆ ಸೇರಬೇಕು. ಅಂದರೆ ಅವಳ ಕೈಯಲ್ಲಿರುವುದು ಹನ್ನೆರಡಲ್ಲ, ಹತ್ತೇ ತಿಂಗಳು. ಅಷ್ಟರೊಳಗೆ 88 ದಿನ ತುಂಬಿರಬೇಕು. ಮೊದಲ ಐದಾರು ತಿಂಗಳು ಮೆಲ್ಬರ್ನ್‌ನಲ್ಲಿ ಗೆಳತಿಯ ಮನೆಯಲ್ಲಿದ್ದು ಗೋದಾಮಿನಲ್ಲಿ ದುಡಿದು, ಕೊನೆಗೆ ಉತ್ತರಕ್ಕೆ ಹೋಗೋಣ ಎಂದುಕೊಂಡರೆ ಅಪಾಯ. ಕೊಯ್ಲು ಮುಗಿದಿರಬಹುದು, ಡಿಸೆಂಬರ್ ಆಚೆ ಮಳೆಗಾಲ ಶುರುವಾಗಿ ಪ್ರವಾಸಿಗರೂ ಕಡಿಮೆಯಾಗಿರಬಹುದು. ವಾರಕ್ಕೆ ಮೂರು ದಿನವಷ್ಟೇ ಕೆಲಸ ಸಿಕ್ಕರೆ 88 ದಿನ ತುಂಬಲು 30 ವಾರ ಬೇಕು. ಪೂರ್ಣಾವಧಿ ಸಿಕ್ಕರೆ 13 ವಾರ ಸಾಕು. ಹಾಗಾಗಿ ಅವಳು ಮೊದಲು ಕೇರ್ನ್ಸ್‌ಗೆ ಹೋಗಿ ಹೋಟೆಲಿನಲ್ಲಿ ಪೂರ್ಣಾವಧಿ ಕೆಲಸ ಹುಡುಕಿ, ಆ ಮೂರು ತಿಂಗಳು ಮುಗಿಸಿಕೊಂಡು, ಆಮೇಲೆ ದಕ್ಷಿಣದ ನಗರಗಳನ್ನು ಸುತ್ತುವುದು ಜಾಣತನ.

ಖರ್ಚು ಹೀಗೆ: ನೋಂದಣಿ ಮತ್ತು ಅರ್ಜಿಗೆ 695 ಡಾಲರ್, ಅಂದರೆ 39,000 ರೂ. ತೋರಿಸುವ ಹಾಗೂ ಖರ್ಚಿಗೆ ಒಯ್ಯುವ 2.8 ಲಕ್ಷ. ಇದರ ಮೇಲೆ ವಿಮಾನ, ವಿಮೆ, ಬೇಕಿದ್ದರೆ ಇಂಗ್ಲಿಷ್ ಪರೀಕ್ಷೆಯ ಶುಲ್ಕ. ಒಟ್ಟು ನಾಲ್ಕೂವರೆ ಲಕ್ಷ ರೂಪಾಯಿಯಷ್ಟು ಸ್ವಂತ ಉಳಿತಾಯ ಇದ್ದರೆ ನೆಮ್ಮದಿಯಿಂದ ಹೊರಡಬಹುದು.

ಬ್ರಿಟನ್ನಿನ ದಾರಿ

ಹೆಸರು ಬರಲಿಲ್ಲವೆಂದರೆ ಮುಂದಿನ ಸುತ್ತಿಗೆ ಮತ್ತೆ ಕೊಡಬಹುದು. ಇದಲ್ಲದೆ 2023ರಿಂದ ಬ್ರಿಟನ್ ಭಾರತೀಯರಿಗೆ 'ಯಂಗ್ ಪ್ರೊಫೆಷನಲ್ಸ್' ಎಂಬ ವೀಸಾ ಕೊಡುತ್ತಿದೆ. ವರ್ಷಕ್ಕೆ 3,000, ವಯಸ್ಸು ಅದೇ 18ರಿಂದ 30, ಆಯ್ಕೆಯೂ ಚೀಟಿ ಎತ್ತಿಯೇ, ಆದರೆ ಹೆಸರು ಕೊಡಲು ಶುಲ್ಕವಿಲ್ಲ. ಪದವಿ ಮುಗಿದಿರಬೇಕು. 2,530 ಪೌಂಡ್ ಹಣ ಸತತವಾಗಿ 28 ದಿನ ಖಾತೆಯಲ್ಲಿ ಇದ್ದಿರಬೇಕು, ಒಂದು ದಿನ ಕೆಳಗಿಳಿದರೂ ಎಣಿಕೆ ಮೊದಲಿನಿಂದ. ಎರಡು ವರ್ಷ ಇರಬಹುದು, ಒಬ್ಬರ ಬಳಿ ಆರೇ ತಿಂಗಳು ಎಂಬ ಕಟ್ಟೂ ಇಲ್ಲ. ಆದರೆ ಆರೋಗ್ಯ ಸೇವೆಗೆಂದು ವರ್ಷಕ್ಕೆ 776 ಪೌಂಡಿನಂತೆ ಎರಡೂ ವರ್ಷದ್ದನ್ನು ಅರ್ಜಿಯೊಂದಿಗೇ ಕಟ್ಟಬೇಕು, ಅವಧಿ ಮುಗಿದ ಮೇಲೆ ವಿಸ್ತರಣೆ ಇಲ್ಲ. ಕಚೇರಿಯ ಕೆಲಸ ಹುಡುಕುವ ಎಂಜಿನಿಯರ್, ಅಕೌಂಟೆಂಟ್‌ಗಳಿಗೆ ಇದು ಆಸ್ಟ್ರೇಲಿಯಾಕ್ಕಿಂತ ಹೊಂದುತ್ತದೆ.

ಎರಡರಲ್ಲಿ ಯಾವುದೂ ಕಾಯಂ ವಾಸಕ್ಕೆ ನೇರ ಮೆಟ್ಟಿಲಲ್ಲ. ಬೇರೆ ವೀಸಾಕ್ಕೆ ಅರ್ಹತೆ ಇದ್ದವರು ಅದಕ್ಕೆ ಪ್ರತ್ಯೇಕವಾಗಿ ಅರ್ಜಿ ಹಾಕಬೇಕು, ಅದರ ನಿಯಮಗಳೇ ಬೇರೆ. ಹಾಗಾಗಿ ನಿರ್ಧಾರಕ್ಕೆ ಮುನ್ನ ಮೂರು ಸಂಗತಿಗಳನ್ನು ಕಾಗದದ ಮೇಲೆ ಬರೆದುಕೊಳ್ಳುವುದು ಸಾಕು. 31ನೆಯ ಹುಟ್ಟುಹಬ್ಬದ ದಿನಾಂಕ, ಸಾಲವಲ್ಲದ ಉಳಿತಾಯ, ಊರಲ್ಲಿ ಮಾಡದ ಯಾವ ಕೆಲಸವನ್ನು ಅಲ್ಲಿ ಮಾಡಲು ಮನಸ್ಸಿದೆ ಎಂಬುದು. ಮೂರಕ್ಕೂ ಉತ್ತರ ಇದ್ದವರು 25 ಡಾಲರ್ ಕಟ್ಟಿ ಹೆಸರು ಕೊಟ್ಟರೆ ಕಳೆದುಕೊಳ್ಳುವುದು ಹೆಚ್ಚೆಂದರೆ ಅಷ್ಟೇ. ಮೂರನೆಯದಕ್ಕೆ ಉತ್ತರವಿಲ್ಲದವರು ಆ ಹಣವನ್ನೂ ಉಳಿಸಿಕೊಳ್ಳಬಹುದು.